ಪಿಪಿಟಿ ಪಕ್ಕಕ್ಕಿಡಿ, ಎರಡು ಪುಟ ಬರೆಯಿರಿ

ಭಾನುವಾರ ನನ್ನ ತಂಗಿಯ ಮಗ ಮನೆಗೆ ಬಂದಿದ್ದ. ಕಾಫಿ ಆರುವ ಮುಂಚೆಯೇ ಲ್ಯಾಪ್‌ಟಾಪ್ ತೆಗೆದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತ. ಏನಪ್ಪಾ ಅಂದರೆ, "ದೊಡ್ಡಮ್ಮ, ಮುಂದಿನ ವಾರ ಎಂ.ಡಿ. ಜತೆ ಮೀಟಿಂಗು, ಪಿಪಿಟಿ ಸರಿಮಾಡಬೇಕು" ಅಂದ. ನೋಡಿದೆ. ಇಪ್ಪತ್ತೆರಡು ಸ್ಲೈಡು. ಬಾಣದ ಗುರುತು, ಬಣ್ಣದ ಡಬ್ಬಿ, ಹಾರಿ ಬಂದು ಕೂರುವ ಅಕ್ಷರ. ಇದೇ ಪಿಪಿಟಿ ತೋರಿಸಿ ಹೋದ ತಿಂಗಳು ಒಂದೂವರೆ ಗಂಟೆ ಮೀಟಿಂಗ್ ನಡೆದಿತ್ತಂತೆ. ಕೊನೆಗೆ ಆದದ್ದೇನು ಅಂತ ಕೇಳಿದರೆ, "ಇನ್ನೊಂದು ಸಲ ಕೂತು ಮಾತಾಡೋಣ ಅಂದರು" ಅಂದ.

ನಾನು ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೂತು ಎದ್ದವಳು. ಇಂಥ ಮೀಟಿಂಗುಗಳಿಗೆ ಹೋಗಿ ಹೋಗಿ ನನಗೊಂದು ವಿಷಯ ಗೊತ್ತಾಗಿದೆ: ನಿರ್ಧಾರ ಆಗದೆ ಮುಂದಕ್ಕೆ ಹೋಗುವ ಮೀಟಿಂಗುಗಳಲ್ಲಿ ಬಹುಪಾಲು ತಪ್ಪು ಕೂತವರದ್ದಲ್ಲ, ಕಾಗದ ತಯಾರಿಸಿದವರದ್ದು. ಅದಕ್ಕೇ ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮಲ್ಲೂ ಎಷ್ಟೋ ಜನ ಇದೇ ಕೆಲಸ ಮಾಡುತ್ತಿದ್ದೀರಿ ಅಂತ ನನಗೆ ಗೊತ್ತು.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಇಂಥ ಕಾಗದಕ್ಕೆ ಹೊರದೇಶದ ಕಂಪನಿಗಳಲ್ಲಿ ಮೆಮೊ ಅನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ "ಮೆಮೊ ಬಂತು" ಅಂದರೆ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ನಮಗದು ತಪ್ಪು ಮಾಡಿದವರಿಗೆ ಕೊಡುವ ನೋಟೀಸು. ಹಾಗಾಗಿ ನಾನು ಟಿಪ್ಪಣಿ ಅಂತಲೇ ಅನ್ನುತ್ತೇನೆ. ಮೀಟಿಂಗಿಗೆ ಬರುವವರು ಮುಂಚೆಯೇ ಓದಿಕೊಂಡು ಬರಲಿ ಅಂತ ಬರೆಯುವ, ಪೂರ್ತಿ ವಾಕ್ಯಗಳಲ್ಲಿರುವ, ಒಂದೇ ಒಂದು ನಿರ್ಧಾರ ಕೇಳುವ ಟಿಪ್ಪಣಿ. ಸ್ಲೈಡಿನಲ್ಲಿದ್ದ ತುಂಡು ಮಾತುಗಳನ್ನೇ ಒಂದರ ಕೆಳಗೊಂದು ಕಾಗದದ ಮೇಲೆ ಇಳಿಸಿದರೆ ಅದು ಟಿಪ್ಪಣಿ ಆಗುವುದಿಲ್ಲ.

ಇದು ನನ್ನ ಮನೆಯ ಕಲ್ಪನೆಯೇನಲ್ಲ. ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ 2004ರ ಜೂನ್ 9ರಂದು ತಮ್ಮ ಹಿರಿಯ ಅಧಿಕಾರಿಗಳಿಗೆ ಒಂದು ಇಮೇಲ್ ಕಳಿಸಿ, ಇನ್ನು ಮುಂದೆ ನಮ್ಮ ಮೀಟಿಂಗಿನಲ್ಲಿ ಪಿಪಿಟಿ ಬೇಡ ಅಂದುಬಿಟ್ಟರು. ಅಲ್ಲಿ ಆರು ಪುಟ ಮೀರದ ಟಿಪ್ಪಣಿ ಬರೆಯುವ ಪದ್ಧತಿ ಬಂತು. ಅವರು ಕೊಟ್ಟ ಕಾರಣ ಸರಳ: ನಾಲ್ಕು ಪುಟದ ಒಳ್ಳೆಯ ಟಿಪ್ಪಣಿ ಬರೆಯುವುದು ಇಪ್ಪತ್ತು ಸ್ಲೈಡು ಮಾಡುವುದಕ್ಕಿಂತ ಕಷ್ಟ, ಯಾಕೆಂದರೆ ಬರೆಯಲು ಕೂತವರು ಯಾವುದು ಮುಖ್ಯ, ಯಾವುದು ಅಲ್ಲ, ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಅಂತ ಯೋಚಿಸಲೇಬೇಕಾಗುತ್ತದೆ. ಸ್ಲೈಡಿನಲ್ಲಿ ಅದನ್ನು ತಪ್ಪಿಸಿಕೊಳ್ಳಬಹುದು.

ತಪ್ಪಿಸಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಕಹಿ ಉದಾಹರಣೆ ಇದೆ. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಮೇಲೇರಿದಾಗ ಫೋಮಿನ ಒಂದು ತುಂಡು ಕಿತ್ತು ಬಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಎಂಜಿನಿಯರುಗಳು ಅಪಾಯದ ಲೆಕ್ಕ ಹಾಕಿ ನಾಸಾದವರಿಗೆ ಸ್ಲೈಡುಗಳಲ್ಲಿ ತೋರಿಸಿದರು. ಅದರಲ್ಲೊಂದು ಸ್ಲೈಡಿನ ತಲೆಬರಹ ಓದಿದರೆ ಹೆದರುವಂಥದ್ದೇನಿಲ್ಲ ಅನ್ನಿಸುತ್ತಿತ್ತು. ಹೆದರಬೇಕಾದ ಮಾತು ಅದೇ ಸ್ಲೈಡಿನ ತೀರಾ ಕೆಳಗೆ, ಚಿಕ್ಕ ಅಕ್ಷರದಲ್ಲಿ, ಒಳಗೊಳಗೆ ಸರಿದ ಗೆರೆಯಲ್ಲಿ ಕೂತಿತ್ತು. ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡಿನಿಂದ, ಬಡಿದ ತುಂಡು ಸುಮಾರು 1920 ಘನ ಅಂಗುಲದ್ದು. ಅಂದರೆ 640 ಪಟ್ಟು ದೊಡ್ಡದು. ಫೆಬ್ರವರಿ 1ರಂದು ಹಿಂದಿರುಗುವಾಗ ನೌಕೆ ಒಡೆದು, ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳೂ ಜನ ಹೋದರು. ದುರಂತಕ್ಕೆ ಪಿಪಿಟಿ ಕಾರಣ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ತಾಂತ್ರಿಕ ವರದಿ ಬರೆಯುವ ಕಡೆ ಸ್ಲೈಡು ತೋರಿಸುವ ಚಾಳಿಯನ್ನು ಹೆಸರಿಟ್ಟೇ ಟೀಕಿಸಿತು. ಆ ಸ್ಲೈಡನ್ನು ಬಿಡಿಸಿ ನೋಡಿದ ಎಡ್ವರ್ಡ್ ಟಫ್ಟಿ ಅನ್ನುವ ಪ್ರಾಧ್ಯಾಪಕರು, "ಗಣನೀಯ" ಅನ್ನುವ ಅರ್ಥದ ಪದ ಅದರಲ್ಲಿ ಐದು ಸಲ ಬಂದಿದ್ದನ್ನು ಎಣಿಸಿ ತೋರಿಸಿದರು. ಗಣನೀಯ ಅಂದರೆ ಎಷ್ಟು? ಅದು ಯಾರಿಗೂ ಗೊತ್ತಾಗಲಿಲ್ಲ. ಈ "ಗಣನೀಯ" ನೆನಪಿಟ್ಟುಕೊಳ್ಳಿ, ನಿಮ್ಮ ಕಡೆಗೂ ಬರುತ್ತೇನೆ.

ಈಗ ನಮ್ಮ ಹುಡುಗನ ವಿಷಯ. ಅವನ ಕಂಪನಿ ಚಟ್ನಿಪುಡಿ, ಸಾರಿನಪುಡಿ ಪ್ಯಾಕೆಟ್ ಮಾಡಿ ಮಾರುತ್ತದೆ. ಪ್ಯಾಕ್ ಮಾಡುವ ಯಂತ್ರ ಒಂದೇ ಇದೆ. ಇನ್ನೊಂದು ಯಂತ್ರಕ್ಕೆ 36 ಲಕ್ಷ ಮಂಜೂರು ಮಾಡಿಸಬೇಕು, ಅದೇ ಮೀಟಿಂಗಿನ ವಿಷಯ. ಅವನ ಸ್ಲೈಡಿನಲ್ಲಿ ಮೂರು ಡಬ್ಬಿ ಇದ್ದವು. ಮೊದಲನೆಯದರಲ್ಲಿ "ಬೇಡಿಕೆಯಲ್ಲಿ ಗಣನೀಯ ಏರಿಕೆ", ಅಲ್ಲಿಂದ ಒಂದು ಬಾಣ, "ಸಾಮರ್ಥ್ಯದ ಕೊರತೆ", ಇನ್ನೊಂದು ಬಾಣ, "ಹೊಸ ಯಂತ್ರ". ನೋಡಲು ಚೆನ್ನಾಗಿತ್ತು.

"ಈ ಬಾಣ ಅಳಿಸಿ, ಆ ಜಾಗದಲ್ಲಿ ಒಂದು ವಾಕ್ಯ ಬರಿ" ಅಂದೆ. ಬರೆದ: "ಬೇಡಿಕೆ ಏರಿರುವುದರಿಂದ ನಮ್ಮ ಯಂತ್ರ ಸಾಲುತ್ತಿಲ್ಲ." ಎಷ್ಟು ಏರಿದೆ, ಎಷ್ಟು ಸಾಲುತ್ತಿಲ್ಲ ಅಂತ ಕೇಳಿದೆ. ಯಂತ್ರ ಒಂದು ಪಾಳಿಗೆ 9,000 ಪ್ಯಾಕೆಟ್ ಮಾಡುತ್ತದೆ, ತಿಂಗಳಿಗೆ 25 ದಿನ, ಒಟ್ಟು 2,25,000. ಬೇಡಿಕೆ 3,00,000. ಹಾಗಾದರೆ ತಿಂಗಳಿಗೆ 75,000 ಕಡಿಮೆ ಬೀಳುತ್ತಿದೆ, ಸರಿ. ಎಲ್ಲ ತಿಂಗಳೂ ಹಾಗೇನಾ ಅಂದೆ. ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಆಮೇಲೆ ಎಕ್ಸೆಲ್ ತೆಗೆದ. ಗಣಪತಿ ಹಬ್ಬದಿಂದ ದೀಪಾವಳಿ ಮುಗಿಯುವ ತನಕ ಮೂರು ತಿಂಗಳು, ಯುಗಾದಿ ಹತ್ತಿರ ಒಂದು ತಿಂಗಳು. ಒಟ್ಟು ನಾಲ್ಕು. ಉಳಿದ ಎಂಟು ತಿಂಗಳು ಈಗಿರುವ ಯಂತ್ರವೇ ಸಾಕಾಗಿ ಸ್ವಲ್ಪ ಮಿಗುತ್ತದೆ.

ಬಾಣದ ಗುರುತಿಗೆ "ಎಷ್ಟು ತಿಂಗಳು" ಅಂತ ಯಾರೂ ಕೇಳುವುದಿಲ್ಲ. "ಆದ್ದರಿಂದ" ಅನ್ನುವ ಮಾತನ್ನು ಬರೆದರೆ ಕೇಳುತ್ತಾರೆ. ಅದಕ್ಕೇ ನಾನು ಹೇಳುವುದು, ನಿಮ್ಮ ಪಿಪಿಟಿಯಲ್ಲಿ ಎಲ್ಲೆಲ್ಲಿ ಬಾಣ ಇದೆಯೋ ಅಲ್ಲೆಲ್ಲ "ಯಾಕೆಂದರೆ", "ಆದ್ದರಿಂದ", "ಆದರೆ", "ಇಲ್ಲದಿದ್ದರೆ" ಅಂತ ಹಾಕಿ ವಾಕ್ಯ ಪೂರ್ತಿ ಮಾಡಿ. ಯಾವ ವಾಕ್ಯ ಪೂರ್ತಿಯಾಗುವುದಿಲ್ಲವೋ ಅಲ್ಲಿ ನಿಮಗೇ ವಿಷಯ ಗೊತ್ತಿಲ್ಲ ಅಂತ ಅರ್ಥ. ಮೀಟಿಂಗಿನಲ್ಲಿ ಹತ್ತು ಜನರ ಎದುರು ಅದು ಹೊರಬೀಳುವುದಕ್ಕಿಂತ ಮನೆಯಲ್ಲಿ, ದೊಡ್ಡಮ್ಮನ ಎದುರು ಹೊರಬೀಳುವುದು ಒಳ್ಳೆಯದಲ್ಲವೇ?

ಟಿಪ್ಪಣಿಯ ಮೊದಲ ಪ್ಯಾರಾ ಬಗ್ಗೆ ನಾನು ಸ್ವಲ್ಪ ಹಟಮಾರಿ. ಬಹಳ ಜನ ಕಂಪನಿ ಹುಟ್ಟಿದ ಕತೆಯಿಂದ ಶುರುಮಾಡುತ್ತೀರಿ. ಬೇಡ. ಓದುವವರು ಮೊದಲ ಐದು ಸಾಲಿನಲ್ಲಿ ನಾಲ್ಕು ವಿಷಯ ತಿಳಿದುಕೊಳ್ಳಬೇಕು: ನೀವು ಕೇಳುತ್ತಿರುವುದೇನು, ಯಾರಿಂದ, ಯಾವತ್ತಿನೊಳಗೆ, ನಿಮ್ಮ ಸಲಹೆ ಏನು. ನಮ್ಮ ಸರ್ಕಾರಿ ಕಡತಗಳನ್ನು ನೀವೆಲ್ಲ ಬೈಯುತ್ತೀರಿ, ನಾನೂ ಬೈದಿದ್ದೇನೆ. ಆದರೆ ಸಚಿವ ಸಂಪುಟಕ್ಕೆ ಹೋಗುವ ಟಿಪ್ಪಣಿಯಲ್ಲಿ ಒಂದು ಒಳ್ಳೆಯ ಗುಣ ಇದೆ: ಯಾವುದಕ್ಕೆ ಅನುಮೋದನೆ ಕೋರಿದೆ ಅನ್ನುವುದನ್ನು ಪ್ರತ್ಯೇಕ ಕಂಡಿಕೆಯಲ್ಲಿ ಸ್ಪಷ್ಟವಾಗಿ ಬರೆಯಲೇಬೇಕು. ಅದನ್ನು ನೀವು ಕೊನೆಯಿಂದ ಎತ್ತಿ ಮೊದಲಿಗೆ ತಂದಿಟ್ಟುಕೊಳ್ಳಿ, ಅಷ್ಟೇ.

ನಮ್ಮ ಹುಡುಗ ನಾಲ್ಕು ಸಲ ತಿದ್ದಿ ಕೊನೆಗೆ ಬರೆದದ್ದು ಹೀಗಿತ್ತು:

"ಹಬ್ಬದ ನಾಲ್ಕು ತಿಂಗಳಲ್ಲಿ ನಮಗೆ ತಿಂಗಳಿಗೆ 75,000 ಪ್ಯಾಕೆಟ್ ಕೊರತೆ ಬೀಳುತ್ತಿದೆ. ಇದನ್ನು ತುಂಬಲು ಆ ನಾಲ್ಕು ತಿಂಗಳು ಮಾತ್ರ ಎರಡನೇ ಪಾಳಿ ನಡೆಸಬೇಕೆಂದು ನಮ್ಮ ಸಲಹೆ. ಇದಕ್ಕೆ ವರ್ಷಕ್ಕೆ 4.4 ಲಕ್ಷ ರೂಪಾಯಿ ಬೇಕು. ಸೆಪ್ಟೆಂಬರ್ 1ಕ್ಕೆ ಪಾಳಿ ಶುರುವಾಗಬೇಕಾದರೆ ಆಗಸ್ಟ್ 10ರೊಳಗೆ ಎಂ.ಡಿ. ಅವರ ಒಪ್ಪಿಗೆ ಬೇಕು. ಹೊಸ ಯಂತ್ರ ಈ ವರ್ಷ ಬೇಡ."

ಕೊನೆಯ ವಾಕ್ಯ ನೋಡಿದಿರಾ? ಯಂತ್ರ ಬೇಕೇಬೇಕು ಅಂತ ಇಪ್ಪತ್ತೆರಡು ಸ್ಲೈಡು ಮಾಡಿದ್ದವನೇ ಇವನು. ಬರೆಯುತ್ತಾ ಬರೆಯುತ್ತಾ ಅವನ ಅಭಿಪ್ರಾಯವೇ ತಿರುಗಿತು. ಇಂಥದ್ದು ಆದರೆ ಗಾಬರಿಯಾಗಬೇಡಿ, ಟಿಪ್ಪಣಿ ಕೆಲಸ ಮಾಡುತ್ತಿದೆ ಅಂತ ತಿಳಿಯಿರಿ.

ಮೊದಲ ಪ್ಯಾರಾ ಆದಮೇಲೆ ಹಿನ್ನೆಲೆ. ಇದನ್ನು ಅರ್ಧ ಪುಟದಲ್ಲಿ ಮುಗಿಸಿ. ನಿರ್ಧಾರಕ್ಕೆ ಬೇಕಾದಷ್ಟೇ ಇರಲಿ. ಕಂಪನಿಯಲ್ಲಿ ನಿನ್ನೆ ಸೇರಿದವರಿಗೂ ಅರ್ಥವಾಗಬೇಕು, ಇಪ್ಪತ್ತು ವರ್ಷದಿಂದ ಇದ್ದವರಿಗೂ ಬೇಸರ ಆಗಬಾರದು. ಇದಕ್ಕಿಂತ ಹೆಚ್ಚು ನನಗೆ ಹೇಳಲು ಏನೂ ಇಲ್ಲ.

ಆಮೇಲೆ ಬರುವ ದಾರಿಗಳ ಹೋಲಿಕೆಯೇ ಟಿಪ್ಪಣಿಯ ತಿರುಳು. ಇಲ್ಲಿ ನೀವು ಮಾಡುವ ದೊಡ್ಡ ಕಳ್ಳಾಟ ನನಗೆ ಗೊತ್ತು. ನಿಮಗೆ ಬೇಕಾದ ದಾರಿಗೆ ಅಲಂಕಾರ ಮಾಡಿ, ಪಕ್ಕದಲ್ಲಿ ಎರಡು ಕುಂಟು ದಾರಿ ನಿಲ್ಲಿಸಿ, "ನೀವೇ ಆರಿಸಿ" ಅನ್ನುತ್ತೀರಿ. ಹೆಣ್ಣು ತೋರಿಸುವಾಗ ಪಕ್ಕದಲ್ಲಿ ಸುಂದರಿ ತಂಗಿ ಕೂರದ ಹಾಗೆ ನೋಡಿಕೊಳ್ಳುತ್ತಿದ್ದರಲ್ಲ, ಹಾಗೆ. ಅನುಭವಸ್ಥರಿಗೆ ಅದು ಒಂದೇ ನೋಟಕ್ಕೆ ತಿಳಿಯುತ್ತದೆ, ಆಮೇಲೆ ಉಳಿದ ಪುಟಗಳನ್ನೂ ನಂಬುವುದಿಲ್ಲ. ಪ್ರತಿ ದಾರಿಯನ್ನೂ ಅದನ್ನು ಇಷ್ಟಪಡುವವರೇ ಬರೆದ ಹಾಗೆ ಬರೆಯಿರಿ. ಮತ್ತು ಏನೂ ಮಾಡದೆ ಸುಮ್ಮನಿರುವುದೂ ಒಂದು ದಾರಿ, ಅದನ್ನು ಬಿಡಲೇಬೇಡಿ. ಅದಕ್ಕೂ ಬೆಲೆ ಇದೆ.

ಇವನ ಲೆಕ್ಕ ನೋಡಿ. ಸುಮ್ಮನಿದ್ದರೆ ನಾಲ್ಕು ತಿಂಗಳಿಗೆ ಮೂರು ಲಕ್ಷ ಪ್ಯಾಕೆಟ್ ಕೈತಪ್ಪುತ್ತದೆ. ಪ್ಯಾಕೆಟ್ಟಿಗೆ ನಾಲ್ಕು ರೂಪಾಯಿ ಉಳಿಯುತ್ತಿತ್ತು ಅಂದರೆ 12 ಲಕ್ಷ ಹೋಯಿತು. ಹೊಸ ಯಂತ್ರ 36 ಲಕ್ಷ, ಎಂಟು ವರ್ಷ ಬಾಳಿಕೆ ಅಂದರೆ ವರ್ಷಕ್ಕೆ 4.5 ಲಕ್ಷ, ಅದಕ್ಕೆ ವರ್ಷಪೂರ್ತಿ ಆಳು, ನಿರ್ವಹಣೆ 6 ಲಕ್ಷ, ಒಟ್ಟು 10.5 ಲಕ್ಷ. ಹೊರಗೆ ಕೊಟ್ಟು ಮಾಡಿಸಿದರೆ ಪ್ಯಾಕೆಟ್ಟಿಗೆ ಎರಡು ರೂಪಾಯಿಯಂತೆ 6 ಲಕ್ಷ. ಎರಡನೇ ಪಾಳಿಗೆ ತಿಂಗಳಿಗೆ ಆರು ಜನರ ಸಂಬಳ 90 ಸಾವಿರ, ರಾತ್ರಿ ಹತ್ತಕ್ಕೆ ಮನೆಗೆ ಬಿಡುವ ವ್ಯಾನಿಗೆ 20 ಸಾವಿರ. ನಾಲ್ಕು ತಿಂಗಳಿಗೆ 4.4 ಲಕ್ಷ. ಎಲ್ಲವನ್ನೂ ಒಂದೇ ಅಳತೆಗೆ, ವರ್ಷಕ್ಕೆ ಎಷ್ಟು ಅನ್ನುವುದಕ್ಕೆ ತಂದಿದ್ದಾನೆ. ಅವನ ಹಳೆಯ ಸ್ಲೈಡಿನಲ್ಲಿ ಯಂತ್ರದ್ದು ಒಟ್ಟು ಬೆಲೆ, ಪಾಳಿಯದ್ದು ತಿಂಗಳ ಖರ್ಚು, ಹೊರಗೆ ಮಾಡಿಸುವುದು ಪ್ಯಾಕೆಟ್ ಲೆಕ್ಕ. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಕೆ.ಜಿ.ಯಲ್ಲಿ, ಮತ್ತೊಂದನ್ನು ಹಿಡಿಯಲ್ಲಿ ಅಳೆದು ಯಾವ ಅಕ್ಕಿ ಅಗ್ಗ ಅಂತ ಕೇಳಿದ ಹಾಗಿತ್ತು. ಹೋದ ಸಲ ಮೀಟಿಂಗಿನಲ್ಲಿ ನಿರ್ಧಾರ ಆಗದೇ ಹೋದದ್ದಕ್ಕೆ ಇದೇ ಮುಖ್ಯ ಕಾರಣ ಅಂತ ನನ್ನ ಅನುಮಾನ.

ಅಂಕಿಗಳನ್ನು ಒಂದು ಚಿಕ್ಕ ಕೋಷ್ಟಕದಲ್ಲಿ ಹಾಕಿ. ಆದರೆ ಕೋಷ್ಟಕ ಇಟ್ಟು ಮೌನವಾಗಬೇಡಿ. ಅದರ ಕೆಳಗೆ, ಇದರಿಂದ ತಿಳಿಯುವುದೇನು ಅಂತ ಎರಡು ವಾಕ್ಯ ಬರೆಯಿರಿ. ಉದ್ದನೆಯ ಲೆಕ್ಕಗಳು, ಕೊಟೇಶನ್ನುಗಳು, ತಿಂಗಳವಾರು ಪಟ್ಟಿ ಇವೆಲ್ಲ ಅನುಬಂಧಕ್ಕೆ ಹೋಗಲಿ. ಅನುಬಂಧ ಓದದವರೂ ನಿರ್ಧಾರ ಮಾಡಬಲ್ಲವರಾಗಿರಬೇಕು.

"ಗಣನೀಯ", "ಬಹುತೇಕ", "ಶೀಘ್ರದಲ್ಲೇ", "ಅತ್ಯುತ್ತಮ", ಈ ನಾಲ್ವರು ನೆಂಟರು ಕರೆಯದೆ ಬಂದು ಕೂರುತ್ತಾರೆ. ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕಳಿಸಿ. ಗಣನೀಯ ಅಂದ ಕಡೆ ಅಂಕಿ, ಶೀಘ್ರದಲ್ಲೇ ಅಂದ ಕಡೆ ತಾರೀಖು ಬರಲಿ. ಅಂಕಿ ಅಂದಾಜಿನದ್ದಾದರೆ ಅಂದಾಜು ಅಂತಲೇ ಬರೆಯಿರಿ, ಯಾರ ಅಂದಾಜು ಅಂತಲೂ ಬರೆಯಿರಿ. ಹಾಗೆಯೇ "ಪರಿಶೀಲಿಸಲಾಗಿದೆ", "ನಿರ್ಧರಿಸಲಾಗುವುದು" ಅಂತ ಕರ್ತೃವೇ ಇಲ್ಲದ ವಾಕ್ಯ ಬರೆಯುವ ಚಟ ಬಿಡಿ. ಯಾರು ಪರಿಶೀಲಿಸಿದರು? ಹೆಸರು ಇಲ್ಲದ ಕೆಲಸವನ್ನು ಯಾರೂ ಮಾಡುವುದಿಲ್ಲ ಅನ್ನುವುದು ನಾನು ಕಚೇರಿಯಲ್ಲಿ ಮೊದಲ ವರ್ಷವೇ ಕಲಿತ ಪಾಠ.

ಸಲಹೆ ಕೊಟ್ಟಮೇಲೆ ಅದರ ಹುಳುಕನ್ನೂ ನೀವೇ ಹೇಳಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಎಲ್ಲರಿಗೂ ಕಾಣುವ ತೊಂದರೆಯನ್ನು ನೀವು ಮುಚ್ಚಿಟ್ಟರೆ ಮೀಟಿಂಗಿನ ಅರ್ಧ ಗಂಟೆ ಅದನ್ನು ಹೊರಗೆ ಎಳೆಯುವುದರಲ್ಲೇ ಹೋಗುತ್ತದೆ. ಇದಕ್ಕೊಂದು ಉಪಾಯ ಇದೆ. ಟಿಪ್ಪಣಿ ಬರೆಯುವ ಮುಂಚೆಯೇ, ನಿಮ್ಮ ಮಾತನ್ನು ಒಪ್ಪದ ಒಬ್ಬರ ಹತ್ತಿರ ಹೋಗಿ ಕೂತುಕೊಳ್ಳಿ. ಅವರ ಆಕ್ಷೇಪವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಮ್ಮ ಹುಡುಗನನ್ನು ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್ ಹತ್ತಿರ ಕಳಿಸಿದೆ. ಆ ಮನುಷ್ಯ ಹೇಳಿದ್ದು ಯಾವ ಸ್ಲೈಡಿನಲ್ಲೂ ಇರಲಿಲ್ಲ: ಈಗ ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿದಮೇಲೆ ಯಂತ್ರ ಬಿಚ್ಚಿ ಮಸಾಲೆಪುಡಿ ತೆಗೆದು ಒರೆಸುತ್ತೇವೆ, ಎರಡನೇ ಪಾಳಿ ಬಂದರೆ ಅದನ್ನು ಯಾವಾಗ ಮಾಡುವುದು? ಹಬ್ಬದ ಮಧ್ಯೆ ಯಂತ್ರ ಕೆಟ್ಟರೆ ಎರಡು ಪಾಳಿಯೂ ನಿಲ್ಲುತ್ತದಲ್ಲ?

ನೂರಕ್ಕೆ ನೂರು ನ್ಯಾಯವಾದ ಪ್ರಶ್ನೆ. ಟಿಪ್ಪಣಿಯಲ್ಲಿ ಅದಕ್ಕೆ ಉತ್ತರ ಬಂತು. ಎರಡನೇ ಪಾಳಿಯಲ್ಲಿ ಮಾಡಬೇಕಾದದ್ದು ದಿನಕ್ಕೆ 3,000 ಪ್ಯಾಕೆಟ್ ಮಾತ್ರ, ಯಂತ್ರದ ಪೂರ್ತಿ ಶಕ್ತಿ ಬೇಕಿಲ್ಲ, ಹಾಗಾಗಿ ಪಾಳಿಯ ಮೊದಲ ಎರಡು ಗಂಟೆ ಒರೆಸುವುದಕ್ಕೇ ಬಿಡುತ್ತೇವೆ. ಯಂತ್ರ ಕೆಟ್ಟರೆ ಹೊರಗಿನವರು ಎರಡು ರೂಪಾಯಿ ದರಕ್ಕೆ ಮಾಡಿಕೊಡಲು ಮೊದಲೇ ಒಪ್ಪಿಸಿಟ್ಟುಕೊಳ್ಳುತ್ತೇವೆ. ಮೆಕ್ಯಾನಿಕ್ ಮಾತಿನಿಂದ ಸಲಹೆ ಬಿದ್ದುಹೋಗಲಿಲ್ಲ, ಗಟ್ಟಿಯಾಯಿತು. ಅದಕ್ಕಾಗಿ ಅವನಿಗೆ ಟಿಪ್ಪಣಿಯಲ್ಲಿ ಕೃತಜ್ಞತೆ ಹೇಳಿಸಿದೆ, ಅದು ಬೇರೆ ವಿಷಯ.

ಇದರ ಜತೆಗೆ ಇನ್ನೊಂದು ವಾಕ್ಯ ಬರೆಯುವ ಅಭ್ಯಾಸ ಮಾಡಿಕೊಳ್ಳಿ: ಏನಾದರೆ ನಾವು ಮನಸ್ಸು ಬದಲಾಯಿಸುತ್ತೇವೆ. ತಿಂಗಳಿಗೆ 1.1 ಲಕ್ಷದಂತೆ ಪಾಳಿ ನಡೆಸಿದರೆ ಒಂಬತ್ತೂವರೆ ತಿಂಗಳಿಗೆ ಹೊಸ ಯಂತ್ರದ ವರ್ಷದ ಖರ್ಚಿಗೆ ಸಮವಾಗುತ್ತದೆ. ಆದ್ದರಿಂದ ಅವನು ಬರೆದ: "ವರ್ಷದಲ್ಲಿ ಹತ್ತು ತಿಂಗಳು ಕೊರತೆ ಬೀಳುವ ಲಕ್ಷಣ ಕಂಡರೆ ಯಂತ್ರದ ಪ್ರಸ್ತಾವವನ್ನು ಮತ್ತೆ ತರುತ್ತೇವೆ." ಯಂತ್ರ ಬೇಕು ಅನ್ನುತ್ತಿದ್ದ ಮಾರಾಟ ವಿಭಾಗದವರಿಗೆ ಈ ಒಂದು ವಾಕ್ಯ ಸಮಾಧಾನ ಕೊಟ್ಟಿತು. ಸೋತೆವು ಅನ್ನಿಸಲಿಲ್ಲ, ಗೆಲ್ಲಲು ಏನು ಬೇಕು ಅಂತ ತಿಳಿಯಿತು.

ಕೊನೆಯಲ್ಲಿ, ಒಪ್ಪಿಗೆ ಸಿಕ್ಕ ಮರುದಿನ ಯಾರು ಏನು ಮಾಡುತ್ತಾರೆ ಅಂತ ನಾಲ್ಕು ಸಾಲು. ಹೆಸರು, ತಾರೀಖು. ಅಲ್ಲಿಗೆ ಟಿಪ್ಪಣಿ ಮುಗಿಯಿತು. ಇವನದ್ದು ಎರಡು ಪುಟ, ಒಂದು ಪುಟದ ಅನುಬಂಧ. ಆರು ಪುಟ ಅನ್ನುವುದು ಮೇಲಿನ ಮಿತಿ, ತುಂಬಲೇಬೇಕಾದ ಪಾತ್ರೆ ಅಲ್ಲ. ಮಿತಿಯೊಳಗೆ ಬರಲಿ ಅಂತ ಅಕ್ಷರ ಸಣ್ಣದು ಮಾಡಿ, ಅಂಚು ಕಿರಿದು ಮಾಡುವ ಜಾಣತನ ಬೇಡ. ಐವತ್ತು ದಾಟಿದವರು ಕನ್ನಡಕ ತಡಕಾಡುತ್ತಾ ಓದುವ ಕಷ್ಟ ನಿಮಗೆ ಗೊತ್ತಿಲ್ಲ.

ಬರೆದ ರಾತ್ರಿಯೇ ಕಳಿಸಬೇಡಿ. ಹೆತ್ತವರಿಗೆ ಹೆಗ್ಗಣ ಮುದ್ದು. ಬರೆದ ದಿನ ನಿಮ್ಮ ಕರಡು ನಿಮಗೆ ಮುದ್ದಾಗಿಯೇ ಕಾಣುತ್ತದೆ. ಒಂದೆರಡು ದಿನ ಬದಿಗಿಟ್ಟು, ಆಮೇಲೆ ಗಟ್ಟಿಯಾಗಿ ಓದಿ. ಓದುವಾಗ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ವಾಕ್ಯ ಒಡೆಯಿರಿ. ಅಮೆಜಾನಿನ ಬೆಜೋಸ್ 2018ರಲ್ಲಿ ಷೇರುದಾರರಿಗೆ ಬರೆದ ಪತ್ರದಲ್ಲೂ ಇದೇ ಮಾತಿದೆ: ಒಂದೆರಡು ದಿನದಲ್ಲಿ ಮುಗಿಯುತ್ತದೆ ಅಂದುಕೊಳ್ಳುವುದೇ ತಪ್ಪು, ಒಳ್ಳೆಯ ಟಿಪ್ಪಣಿಗೆ ವಾರ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ ಅಂತ. ಎರಡು ಪುಟಕ್ಕೆ ವಾರ ಬೇಕಿಲ್ಲ, ನಾಲ್ಕು ದಿನವಾದರೂ ಬೇಕು. ಆಮೇಲೆ ನಿಮ್ಮ ವಿಭಾಗದವರಲ್ಲದ ಒಬ್ಬರಿಗೆ ಕೊಟ್ಟು ಓದಿಸಿ, "ಹೇಗಿದೆ" ಅಂತ ಕೇಳಬೇಡಿ. ಚೆನ್ನಾಗಿದೆ ಅಂದುಬಿಡುತ್ತಾರೆ. "ಇದರಲ್ಲಿ ನಾನು ಕೇಳುತ್ತಿರುವುದೇನು, ಹೇಳಿ" ಅಂತ ಕೇಳಿ. ಅವರು ಒಂದು ವಾಕ್ಯದಲ್ಲಿ ಸರಿಯಾಗಿ ಹೇಳಿದರೆ ಟಿಪ್ಪಣಿ ಸಿದ್ಧ. ತಡವರಿಸಿದರೆ ಮೊದಲ ಪ್ಯಾರಾ ಮತ್ತೆ ಬರೆಯಿರಿ.

ಇನ್ನು ಎಲ್ಲಕ್ಕಿಂತ ದೊಡ್ಡ ತಾಪತ್ರಯ: ಕಳಿಸಿದರೂ ಯಾರೂ ಓದಿಕೊಂಡು ಬರುವುದಿಲ್ಲ. ಇದನ್ನು ಹಣೆಬರಹ ಅಂತ ಬಿಡಬೇಡಿ. ಎರಡು ಕೆಲಸದ ದಿನ ಮುಂಚೆ ಕಳಿಸಿ. ಒಂದು ವಾರ ಮುಂಚೆ ಕಳಿಸಿದರೆ ಮರೆಯುತ್ತಾರೆ, ಹಿಂದಿನ ರಾತ್ರಿ ಕಳಿಸಿದರೆ ಬೈಯುತ್ತಾರೆ. ಇಮೇಲಿನ ವಿಷಯದ ಸಾಲಿನಲ್ಲೇ "ಓದಲು 6 ನಿಮಿಷ" ಅಂತ ಹಾಕಿ, ಪುಟಕ್ಕೆ ಮೂರು ನಿಮಿಷದ ಲೆಕ್ಕ. ಸಂದೇಹಗಳನ್ನು ಹಿಂದಿನ ದಿನ ಸಂಜೆಯೊಳಗೆ ಬರೆದು ಕಳಿಸಲು ಕೇಳಿ, ಬಂದವಕ್ಕೆ ಉತ್ತರ ಸೇರಿಸಿ. ಇಷ್ಟಾದ ಮೇಲೂ ಓದದೆ ಬರುವವರಿಗಾಗಿ ಮೀಟಿಂಗಿನ ಮೊದಲ ಹತ್ತು ನಿಮಿಷ ಎಲ್ಲರೂ ಮೌನವಾಗಿ ಓದುವುದಕ್ಕೆ ಇಡಿ. ಅಮೆಜಾನಿನವರು ಮಾಡುವುದೂ ಇದನ್ನೇ, ಯಾಕೆಂದರೆ ದೊಡ್ಡ ಅಧಿಕಾರಿಗಳೂ ಶಾಲೆ ಮಕ್ಕಳ ಹಾಗೆ ಓದಿದ್ದೇವೆ ಅಂತ ನಟಿಸುತ್ತಾರೆ ಅಂತ ಅವರಿಗೆ ಗೊತ್ತು. ಮುದ್ರಿಸಿದ ಪ್ರತಿ ಕೊಡಿ, ಜತೆಗೊಂದು ಪೆನ್ನು. ಮೊದಲ ಸಲ ಎಲ್ಲರಿಗೂ ಮುಜುಗರವಾಗುತ್ತದೆ, ಯಾರೋ ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಇನ್ನೊಬ್ಬರು ಮೊಬೈಲ್ ಕಡೆ ಕೈಹಾಕುತ್ತಾರೆ. ನೀವು ಮಾತಾಡಬೇಡಿ. ನೀವೇ ಓದಿ ಹೇಳಲು ಹೊರಟರೆ ಅದು ಮತ್ತೆ ಪಿಪಿಟಿಯೇ ಆಯಿತು.

ಓದು ಮುಗಿದಮೇಲೆ ಕಿರಿಯರಿಂದ ಮಾತು ಶುರುವಾಗಲಿ, ಹಿರಿಯರು ಕೊನೆಗೆ ಮಾತಾಡಲಿ. ಇದನ್ನು ಎಂ.ಡಿ. ಅವರಿಗೆ ನೀವು ಹಿಂದಿನ ದಿನವೇ ವಿನಯದಿಂದ ಹೇಳಿಟ್ಟಿರಬೇಕು. ನಮ್ಮ ಕಚೇರಿಗಳಲ್ಲಿ ದೊಡ್ಡವರು ಬಾಯಿ ಬಿಟ್ಟಮೇಲೆ ಉಳಿದವರೆಲ್ಲ "ಹೌದು ಸಾರ್" ಆಗುತ್ತಾರೆ, ಅದಕ್ಕೆ ಟಿಪ್ಪಣಿ ಏನೂ ಮಾಡಲಾರದು.

ಎಲ್ಲದಕ್ಕೂ ಟಿಪ್ಪಣಿ ಬರೆಯಲು ಕೂರಬೇಡಿ. ಕಚೇರಿಗೆ ಯಾವ ಕಾಫಿಪುಡಿ ತರಿಸುವುದು ಅನ್ನುವುದಕ್ಕೆ ಎರಡು ಪುಟ ಬರೆದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಗುತ್ತದೆ. ಹೊಸ ಪ್ಯಾಕೆಟ್ಟಿನ ಚಿತ್ರ ತೋರಿಸಬೇಕಾದರೆ, ನೂರು ಜನರ ಸಭೆಯಲ್ಲಿ ಮಾತಾಡಬೇಕಾದರೆ ಸ್ಲೈಡೇ ಸರಿ. ಮತ್ತೆ, ಯಜಮಾನರು ಆಗಲೇ ತೀರ್ಮಾನ ಮಾಡಿ ಮುಂಗಡ ಕೊಟ್ಟಾಗಿದೆ ಅಂತಾದರೆ ದಯವಿಟ್ಟು ನಿರ್ಧಾರ ಕೇಳುವ ನಾಟಕದ ಟಿಪ್ಪಣಿ ಬರೆಯಬೇಡಿ. ಹತ್ತು ಜನರ ಸಮಯ ಹಾಳು ಮಾಡಿದ ಪಾಪ ಸುತ್ತಿಕೊಳ್ಳುತ್ತದೆ. ನಾನು ಒಮ್ಮೆ ಬರೆದು ಅನುಭವಿಸಿದ್ದೇನೆ.

ನಮ್ಮ ಹುಡುಗನ ಮೀಟಿಂಗಿಗೆ ಒಂದು ಗಂಟೆ ಇಟ್ಟಿದ್ದರು. ಹತ್ತು ನಿಮಿಷ ಓದಿದರಂತೆ, ಇಪ್ಪತ್ತೈದು ನಿಮಿಷ ಮಾತಾಡಿದರಂತೆ. ಮಾತೆಲ್ಲ ರಾತ್ರಿ ಹತ್ತಕ್ಕೆ ಹೆಣ್ಣುಮಕ್ಕಳನ್ನು ಮನೆ ತಲುಪಿಸುವುದರ ಬಗ್ಗೆ. ಒಂದು ವ್ಯಾನು ಸಾಲದು, ಎರಡು ದಿಕ್ಕಿಗೆ ಎರಡು ಬೇಕು ಅಂತ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ಹೇಳಿದ್ದಕ್ಕೆ, ತಿಂಗಳಿಗೆ ಇನ್ನೂ 20 ಸಾವಿರ ಸೇರಿಸಿ, ಎಂ.ಡಿ. ಅದೇ ಪ್ರತಿಯ ಅಂಚಿನಲ್ಲಿ ಪೆನ್ನಿನಿಂದ 5.2 ಲಕ್ಷ ಅಂತ ತಿದ್ದಿ, ತಾರೀಖು ಹಾಕಿ ಸಹಿ ಮಾಡಿಕೊಟ್ಟರು.